ಡ್ರೋನ್ ಟೆಕ್ನಿಷಿಯನ್ ಕೆಲಸಕ್ಕೆ ಯಾವ ಕವರ್ ಲೆಟರ್ ಕಳಿಸೋದು?

ನಿನ್ನ ಎರಡೂ ಕವರ್ ಲೆಟರ್ ಓದಿದೆ ಮಾರಾಯ. ಒಂದು ಲೈನ್ ಫಾಲೋವರ್ ರೋಬೋಟ್ ಪ್ರಾಜೆಕ್ಟಿನಿಂದ ಶುರುವಾಗುತ್ತದೆ, ಇನ್ನೊಂದು ಸ್ಪ್ರೇ ಡ್ರೋನ್ ಸರಿ ಮಾಡಿದ್ದರಿಂದ.

ನಂಬಿಕೆ ಹುಟ್ಟಿಸುವುದರಲ್ಲಿ ಎರಡನೆಯದೇ ಜಾಸ್ತಿ. ಕಾರ್ಕಳದ ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವಾಗ ಒಂದು ಬದಿಯ ಸ್ಪ್ರೇ ತೆಳ್ಳಗಾಯ್ತು, ಎಲ್ಲರೂ ಪಂಪ್ ಹೋಯ್ತು ಅಂದರು, ನೀನು ನಾಲ್ಕೂ ನಾಝಲ್ ಕೆಳಗೆ ಪಾತ್ರೆ ಇಟ್ಟು ಒಂದು ನಿಮಿಷದ ನೀರು ಅಳೆದೆ. ಒಂದರಲ್ಲಿ ಮಾತ್ರ ಕಮ್ಮಿ. ಅದರ ಫಿಲ್ಟರಿನಲ್ಲಿ ಸುಣ್ಣದ ಕಣ ಕೂತಿತ್ತು. ಇದನ್ನು ಓದಿದವರಿಗೆ ನಿನ್ನ ತಲೆ ಹೇಗೆ ಓಡುತ್ತದೆ ಅಂತ ಗೊತ್ತಾಗುತ್ತದೆ, ಅಲ್ವಾ? "ಕಷ್ಟಪಟ್ಟು ದುಡಿಯುತ್ತೇನೆ" ಅನ್ನೋ ಸಾಲು ಮಾತ್ರ ತೆಗಿ, ಸುಮ್ನೆ ಜಾಗ ದಂಡ.

ಪ್ರಾಜೆಕ್ಟ್ ಪತ್ರದ ಬಲ ಬೇರೆ: ಸೆನ್ಸರ್, ಪಿಐಡಿ ಟ್ಯೂನಿಂಗ್, ವೈರಿಂಗ್. ಕಂಪನಿ ತಾನೇ ಡ್ರೋನ್ ಜೋಡಿಸಿ ಟೆಸ್ಟ್ ಮಾಡುವಂಥದ್ದಾದರೆ ಅದನ್ನೇ ಕಳಿಸು. ತೋಟ ತೋಟ ಸುತ್ತಿ ಸರ್ವೀಸ್ ಮಾಡುವ ಕೆಲಸವಾದರೆ ನಾಝಲ್ ಪತ್ರ.

ಬರೆಯುವ ಸುಲಭ ನೋಡಿದರೆ ಪ್ರಾಜೆಕ್ಟ್ ಪತ್ರವೇ ಹಗುರ, ವರದಿ ಕೈಯಲ್ಲೇ ಇದೆ. ಆದರೆ ಗುಂಪಿನ ಕೆಲಸದಲ್ಲಿ ನಿನ್ನ ಪಾಲು ಯಾವುದು ಅಂತ ಬರೆಯದಿದ್ದರೆ ಇಂಟರ್‌ವ್ಯೂನಲ್ಲಿ ಅಲ್ಲೇ ಹಿಡಿಯುತ್ತಾರೆ.

ಹಾರಿಸುವ ಕೆಲಸವೂ ಇದ್ದರೆ, ಡಿಜಿಸಿಎ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇದೆಯೋ ಇಲ್ಲವೋ ಅಂತ ಯಾವ ಪತ್ರದಲ್ಲಾದರೂ ನೇರವಾಗಿ ಬರೆ.