ಬಿಪಿ ಮಷೀನ್ ಸರಿ, ಆ್ಯಪ್ ಮಾತ್ರ ಪಲ್ಸನ್ನು ಬೇರೆ ಮಾಡುತ್ತದೆ: ಎರಡು ವರ್ಷ ಬಳಸಿದ ಮೇಲೆ

ಅಪ್ಪ ಅಮ್ಮ ಇಬ್ಬರಿಗೂ ಬಿಪಿ ಇದೆ. ಇಬ್ಬರಿಗೂ ಸೇರಿ ಎರಡು ವರ್ಷದ ಹಿಂದೆ ತೋಳಿಗೆ ಕಟ್ಟುವ ಬ್ಲೂಟೂತ್ ಬಿಪಿ ಮಷೀನ್ ಒಂದು ತಂದೆವು. ಕಂಪನಿ ಹೆಸರು ಹಾಕುತ್ತಿಲ್ಲ. ನಾನು ಹೇಳುವ ತೊಂದರೆ ಬೇರೆ ಮಷೀನ್‌ಗಳಲ್ಲೂ ಬರಬಹುದು, ಹಾಗಾಗಿ ಯಾವುದನ್ನು ಬಳಸುವವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಅಳತೆಯ ಬಗ್ಗೆ ನನಗೆ ದೂರಿಲ್ಲ. ಡಾಕ್ಟರ್ ಕ್ಲಿನಿಕ್‌ಗೆ ಮಷೀನನ್ನೇ ತೆಗೆದುಕೊಂಡು ಹೋಗಿ ಅವರ ಉಪಕರಣದ ಜೊತೆ ಹೋಲಿಸಿ ನೋಡಿದ್ದೇವೆ, ಹತ್ತಿರ ಹತ್ತಿರ ಬಂತು. ತೋಳಿನ ಪಟ್ಟಿ ಇನ್ನೂ ಗಟ್ಟಿಯಾಗಿದೆ. ಅಂಕಿಗಳು ದೊಡ್ಡದಾಗಿ ಕಾಣುತ್ತವೆ, ಅಪ್ಪ ಕನ್ನಡಕ ಇಲ್ಲದೆ ಓದುತ್ತಾರೆ. ನನ್ನ ತಕರಾರು ಇರುವುದು ಅಳತೆ ಆದ ಮೇಲೆ ಮೇಲಿನ ಬಿಪಿ, ಕೆಳಗಿನ ಬಿಪಿ, ಪಲ್ಸ್ ಈ ಮೂರು ಅಂಕಿಗಳಿಗೆ ಏನಾಗುತ್ತದೆ ಅನ್ನುವುದರಲ್ಲಿ.

ಪಟ್ಟಿಯ ಗಾಳಿ ನಿಧಾನಕ್ಕೆ ಇಳಿಯುವಾಗ ಪ್ರತಿ ಬಡಿತಕ್ಕೂ ಪಟ್ಟಿಯ ಒಳಗಿನ ಒತ್ತಡ ಸಣ್ಣಗೆ ನಡುಗುತ್ತದೆ. ಆ ನಡುಕ ಎಷ್ಟು ದೊಡ್ಡದು ಅನ್ನುವುದರಿಂದ ಮೇಲಿನ ಮತ್ತು ಕೆಳಗಿನ ಬಿಪಿಯನ್ನು ಮಷೀನ್ ಲೆಕ್ಕ ಹಾಕುತ್ತದೆ. ಒಂದು ನಡುಕಕ್ಕೂ ಇನ್ನೊಂದಕ್ಕೂ ಎಷ್ಟು ಹೊತ್ತು ಅನ್ನುವುದರಿಂದ ಪಲ್ಸ್ ಸಿಗುತ್ತದೆ. ಅಂದರೆ ಮೂರೂ ಅಂಕಿ ಒಂದೇ ಅರ್ಧ ನಿಮಿಷದ್ದು, ಅದೇ ಬಡಿತಗಳದ್ದು. ಬ್ಲೂಟೂತ್‌ನಲ್ಲಿ ಬಿಪಿ ಕಳಿಸಲು ಇರುವ ನಿಯಮದಲ್ಲೂ ಬಿಪಿ, ಸಮಯ, ಪಲ್ಸ್ ಎಲ್ಲಾ ಒಂದೇ ಕಟ್ಟಿನಲ್ಲಿ ಹೋಗಲು ಜಾಗ ಇದೆ.

ಫೋನಿಗೆ ಬಂದ ಮೇಲೆ ಅವು ಬೇರೆಯಾಗುತ್ತವೆ. ಬೇರೆ ಬೇರೆ ಆ್ಯಪ್‌ಗಳ ಆರೋಗ್ಯದ ಅಂಕಿಗಳನ್ನು ಒಂದೇ ಕಡೆ ಇಡುವ ಆಂಡ್ರಾಯ್ಡ್‌ನ ಹೆಲ್ತ್ ಕನೆಕ್ಟ್‌ನಲ್ಲಿ ಬಿಪಿ ಹೋಗುವುದು `BloodPressureRecord` ಅನ್ನುವ ಜಾಗಕ್ಕೆ. ಅಲ್ಲಿ ಮೇಲಿನದು, ಕೆಳಗಿನದು, ಕೂತಿದ್ದರೋ ನಿಂತಿದ್ದರೋ, ತೋಳೋ ಮಣಿಕಟ್ಟೋ ಅಂತ ಬರೆಯಬಹುದು. ಪಲ್ಸ್‌ಗೆ ಜಾಗ ಇಲ್ಲ. ಅದು `HeartRateRecord` ಅನ್ನುವ ಬೇರೆ ಕಡೆ ಹೋಗುತ್ತದೆ. ಐಫೋನಿನ ಹೆಲ್ತ್ ಆ್ಯಪ್‌ನಲ್ಲೂ ಹೀಗೇ: ಎರಡು ಬಿಪಿ ಅಂಕಿಗಳು ಜೋಡಿಯಾಗಿರುತ್ತವೆ, ಹೃದಯ ಬಡಿತ ಬೇರೆ ಕಡೆ ಇರುತ್ತದೆ.

ಅಮ್ಮನ ಕೈಗೆ ಫಿಟ್ನೆಸ್ ಬ್ಯಾಂಡ್ ಬಂದ ಮೇಲೆ ಇದು ದೊಡ್ಡ ತಲೆನೋವಾಯಿತು. ಬ್ಯಾಂಡ್ ಇಡೀ ದಿನ ಬಡಿತ ಬರೆಯುತ್ತಲೇ ಇರುತ್ತದೆ. ಬಿಪಿ ಮಷೀನ್ ಬರೆದ ಆ ಒಂದು ಪಲ್ಸ್ ಅದರ ನಡುವೆ ಎಲ್ಲಿದೆ ಅಂತ ಹುಡುಕಬೇಕು. ಮಷೀನಿನ ಸ್ವಂತ ಆ್ಯಪ್ ಡಾಕ್ಟರಿಗೆ ಕೊಡಲು ಮಾಡುವ ಪಿಡಿಎಫ್ ಇನ್ನೂ ಬೇಜಾರು: ಮೊದಲ ಪುಟದಲ್ಲಿ ಬಿಪಿ ಗ್ರಾಫ್, ಕೊನೆಯಲ್ಲೆಲ್ಲೋ ಪಲ್ಸ್ ಗ್ರಾಫ್. ಯಾವ ಬಿಪಿಗೆ ಯಾವ ಪಲ್ಸ್ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಾನು ಎರಡನ್ನೂ ಗೂಗಲ್ ಶೀಟ್‌ಗೆ ಹಾಕಿ ಸಮಯ ನೋಡಿ ಜೋಡಿಸುತ್ತೇನೆ. ಬಿಪಿ ಹಾಳೆಯ A ಕಾಲಂನಲ್ಲಿ ಸಮಯ. `Pulse` ಹಾಳೆಯಲ್ಲಿ A ಸಮಯ, B ಬಡಿತ, C ಅದನ್ನು ಬರೆದ ಉಪಕರಣದ ಹೆಸರು. ಮಷೀನ್ ಬರೆದ ಸಾಲುಗಳಿಗೆ `cuff` ಅಂತ ಇಟ್ಟಿದ್ದೇನೆ.

```
=IFERROR(AVERAGEIFS(Pulse!B:B,
 Pulse!A:A,">="&A2-TIME(0,0,30),
 Pulse!A:A,"<="&A2+TIME(0,0,30),
 Pulse!C:C,"cuff"),"")
```

ಬಿಪಿಯ ಸಮಯಕ್ಕಿಂತ ಮೂವತ್ತು ಸೆಕೆಂಡ್ ಹಿಂದೆ ಮುಂದೆ, ಅದೇ ಮಷೀನ್ ಬರೆದ ಪಲ್ಸ್ ಇದ್ದರೆ ಅದು ಬಂದು ಕೂರುತ್ತದೆ. ಇಲ್ಲದಿದ್ದರೆ ಖಾಲಿ. ಖಾಲಿ ಬಿಟ್ಟರೂ ಪರವಾಗಿಲ್ಲ, ಬ್ಯಾಂಡಿನ ಬಡಿತ ತಂದು ತುಂಬಬೇಡಿ. ಅದು ಅಡುಗೆಮನೆಯಲ್ಲಿ ಓಡಾಡುವಾಗಿನದೂ ಇರಬಹುದು. ಮೂವತ್ತು ಸೆಕೆಂಡಿಗೂ ಕಾರಣ ಇದೆ. ನಾವು ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯುತ್ತೇವೆ. ಅವಧಿಯನ್ನು ಎರಡು ಮೂರು ನಿಮಿಷಕ್ಕೆ ಹಿಗ್ಗಿಸಿದರೆ ಎರಡನೇ ಸಲದ ಪಲ್ಸ್ ಮೊದಲನೆಯದರ ಜೊತೆ ಬೆರೆತುಹೋಗುತ್ತದೆ.

ಇನ್ನೊಂದು ವಿಷಯ, ಮಷೀನಿನ ಗಡಿಯಾರ. ಸೆಲ್ ಬದಲಾಯಿಸಿದಾಗ ನಮ್ಮದರಲ್ಲಿ ತಾರೀಕು ಅಳಿಸಿಹೋಗುತ್ತದೆ. ಆಮೇಲೆ ಅಳೆದದ್ದೆಲ್ಲ ಹಳೇ ತಾರೀಕಿಗೆ ಹೋಗಿ ಕೂತಿರುತ್ತದೆ. ಸೆಲ್ ಹಾಕಿದ ಕೂಡಲೇ ಒಮ್ಮೆ ಫೋನಿಗೆ ಜೋಡಿಸಿದರೆ ಸಮಯ ಸರಿಯಾಗುತ್ತದೆ, ಅಳೆಯುವುದು ಆಮೇಲೆ. ಇಬ್ಬರು ಬಳಸುವ ಮನೆಯಲ್ಲಿ ಬಳಕೆದಾರ 1, ಬಳಕೆದಾರ 2 ಬಟನ್ ಕೂಡ ಪ್ರತಿಸಲ ನೋಡಿಕೊಳ್ಳಬೇಕು.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಕಳೆದ ಬೇಸಿಗೆಯ ಒಂದು ವಾರ ಹೇಳುತ್ತೇನೆ.

ಅಮ್ಮ ತೆಗೆದುಕೊಳ್ಳುವುದು ಟೆಲ್ಮಿಸಾರ್ಟನ್ ಮತ್ತು ಕ್ಲೋರ್ಥಾಲಿಡೋನ್ ಎರಡೂ ಸೇರಿದ ಮಾತ್ರೆ. ಮಾಮೂಲಿ ದಿನ ಬೆಳಿಗ್ಗೆ ಅವರದು 128/76, ಪಲ್ಸ್ 72ರ ಆಸುಪಾಸು. ಆ ವಾರ ಊರಿನ ಊಟವೊಂದರ ಮಾರನೇ ದಿನ ಭೇದಿ ಶುರುವಾಯಿತು. ಆ ಸಂಜೆ ಅಳೆದಾಗ 112/70, ಪಲ್ಸ್ 94. ಮರುದಿನ ಬೆಳಿಗ್ಗೆ 104/66, ಪಲ್ಸ್ 102. ಜ್ವರ ಇರಲಿಲ್ಲ.

ಆ್ಯಪ್‌ನ ಬಿಪಿ ಗ್ರಾಫ್‌ನಲ್ಲಿ ಎರಡೂ ದಿನ ಹಸಿರು. ಬಿಪಿ ಮಾತ್ರ ನೋಡಿದವರಿಗೆ ಮಾತ್ರೆ ಚೆನ್ನಾಗಿ ಹಿಡಿದಿದೆ ಅನಿಸುತ್ತದೆ. ಪಲ್ಸ್ ಪಕ್ಕದಲ್ಲಿಟ್ಟು ಓದಿದರೆ ಬೇರೆಯೇ ಕಾಣುತ್ತದೆ. ಮೈಯಲ್ಲಿ ನೀರು ಮತ್ತು ಉಪ್ಪು ಕಮ್ಮಿಯಾದಾಗ ರಕ್ತನಾಳದಲ್ಲಿ ಓಡುವ ರಕ್ತದ ಪ್ರಮಾಣವೂ ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯ ಬೇಗ ಬೇಗ ಬಡಿಯುತ್ತದೆ. ಬಿಪಿ ಇಳಿಯುವುದು, ಪಲ್ಸ್ ಏರುವುದು ಒಟ್ಟಿಗೆ ಆಗುತ್ತಿದೆ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು. ಕ್ಲೋರ್ಥಾಲಿಡೋನ್ ಬೇರೆ ಮೂತ್ರದಲ್ಲಿ ಉಪ್ಪು, ನೀರು ಹೊರಗೆ ಹಾಕುವ ಔಷಧಿ. ಭೇದಿಯ ಜೊತೆ ಅದೂ ಸೇರಿಕೊಂಡಿತ್ತು.

ಮೂರು ಅಂಕಿಯ ಆ ಸಾಲುಗಳನ್ನೇ ಡಾಕ್ಟರಿಗೆ ಕಳಿಸಿ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ: ಮೂತ್ರ ಹೋಗುತ್ತಿದೆಯಾ, ಎದ್ದು ನಿಂತರೆ ತಲೆ ಸುತ್ತುತ್ತದೆಯಾ. ಮೂತ್ರ ಕಮ್ಮಿ ಇತ್ತು, ತಲೆಯೂ ಸುತ್ತುತ್ತಿತ್ತು. ಊಟ, ನೀರು ಸರಿಯಾಗುವ ತನಕ ಆ ಮಾತ್ರೆ ನಿಲ್ಲಿಸಿ, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಇರಿ, ಸಂಜೆಯೊಳಗೆ ಪಲ್ಸ್ ಇಳಿಯದಿದ್ದರೆ ಕರೆದುಕೊಂಡು ಬನ್ನಿ ಅಂದರು. ಸಂಜೆಗೆ 110/70, ಪಲ್ಸ್ 90. ಮರುದಿನ 118/72, ಪಲ್ಸ್ 82. ಬಿಪಿ, ಪಲ್ಸ್ ಎರಡೂ ಮಾಮೂಲಿಗೆ ಬಂದ ಮೇಲೆ ಅವರೇ ಹೇಳಿ ಮಾತ್ರೆ ಮತ್ತೆ ಶುರು ಮಾಡಿಸಿದರು. ನಾವಾಗಿ ನಿಲ್ಲಿಸುವ ಕೆಲಸ ಯಾರೂ ಮಾಡಬೇಡಿ. ಕೆಲವು ಬಿಪಿ ಮಾತ್ರೆಗಳನ್ನು ದಿಢೀರ್ ನಿಲ್ಲಿಸುವುದೇ ಅಪಾಯ.

ಇದೇ ಲೆಕ್ಕವನ್ನು ಅಪ್ಪನಿಗೆ ಹಾಕುವ ಹಾಗಿಲ್ಲ. ಅವರು ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಅದು ಬಡಿತಕ್ಕೇ ಬ್ರೇಕ್ ಹಾಕುವ ಔಷಧಿ. ಅವರ ಪಲ್ಸ್ ಯಾವಾಗಲೂ 58, 60. ಒಂದಿಷ್ಟು ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ತಲೆ ಸುತ್ತುತ್ತದೆ ಅನ್ನುತ್ತಿದ್ದರು. ಕೂತು ಅಳೆದರೆ 126/74, ಪಲ್ಸ್ 58, ಏನೂ ತೊಂದರೆ ಕಾಣಲಿಲ್ಲ. ಎದ್ದು ನಿಂತು ಒಂದು ನಿಮಿಷಕ್ಕೆ ಅಳೆದಾಗ 102/64, ಪಲ್ಸ್ 60. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಬೇಕಾದ ಇಳಿತ ಅದು. ಅಪ್ಪನದು 24 ಇಳಿದಿತ್ತು. ಪಲ್ಸ್ ಏರಿದ್ದು ಎರಡೇ ಎರಡು. ಪಲ್ಸ್ ಏರಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂತ ಅವರ ವಿಷಯದಲ್ಲಿ ತಿಳಿಯುವಂತಿಲ್ಲ. ಮಾತ್ರೆ ಅದನ್ನು ಏರಲು ಬಿಡುವುದಿಲ್ಲ. ಡಾಕ್ಟರ್ ಎರಡೂ ಸಾಲು ನೋಡಿ, ಪ್ರಾಸ್ಟೇಟ್‌ಗೆಂದು ಹೊಸದಾಗಿ ಸೇರಿದ್ದ ಟ್ಯಾಮ್ಸುಲೋಸಿನ್ ಕಡೆ ಬೆರಳು ತೋರಿಸಿದರು. ನಿಂತಾಗ ಬಿಪಿ ಇಳಿಸುವ ಗುಣ ಅದಕ್ಕಿದೆ.

ಇಂಥ ಸಾಲು ಬರೆಯುವಾಗ ಕೂತದ್ದೋ ನಿಂತದ್ದೋ ಅಂತ ಇರಲೇಬೇಕು. ಹೆಲ್ತ್ ಕನೆಕ್ಟ್‌ನಲ್ಲಿ ಅದಕ್ಕೆ ಜಾಗ ಇದ್ದರೂ ನಮ್ಮ ಆ್ಯಪ್ ಅದನ್ನು ತುಂಬುವುದೇ ಇಲ್ಲ. ನಾನು ಶೀಟ್‌ನಲ್ಲಿ ಒಂದು ಕಾಲಂ ಸೇರಿಸಿ ಕೈಯಲ್ಲಿ ಬರೆಯುತ್ತೇನೆ.

ದಿನನಿತ್ಯಕ್ಕೆ ಪಲ್ಸ್ ಇನ್ನೊಂದು ಸಹಾಯ ಮಾಡುತ್ತದೆ. ಅಮ್ಮ ಮಹಡಿ ಮೆಟ್ಟಿಲಿಳಿದು ಬಂದು ಸುಮ್ನೆ ಕೂತು ಪಟ್ಟಿ ಕಟ್ಟಿಸಿಕೊಂಡರು ಅನ್ನಿ. 148/86, ಪಲ್ಸ್ 91. ಮಾಮೂಲಿಗಿಂತ ಪಲ್ಸ್ ಇಷ್ಟು ಜಾಸ್ತಿ ಇದೆ ಅಂದರೆ ಮೈ ಇನ್ನೂ ತಣಿದಿಲ್ಲ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕಿಟ್ಟು, ಮಾತಾಡದೆ ಕೂತ ಮೇಲೆ 131/78, ಪಲ್ಸ್ 73. ಅದೇ 148 ಬಂದು ಪಲ್ಸ್ 72 ಇದ್ದರೆ ಮೆಟ್ಟಿಲಿನ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಆಗ ವಾರವಿಡೀ ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ ಅಳೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯುತ್ತೇನೆ. ಮನೆಯಲ್ಲಿ ಅಳೆದ ಸರಾಸರಿ 135/85 ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಒಂದೊಂದು ಅಂಕಿ ನೋಡಿ ಗಾಬರಿ ಬೀಳುವುದು ನಮ್ಮ ಮನೆಯಲ್ಲಿ ಈಗ ನಿಂತಿದೆ.

ಒಂದು ಮಿತಿ ಗೊತ್ತಿರಲಿ. ಬಡಿತ ಏರುಪೇರಾದಾಗ ಮಷೀನ್ ಸಣ್ಣ ಹೃದಯದ ಗುರುತೊಂದನ್ನು ತೋರಿಸುತ್ತದೆ. ಆಗ ಪಲ್ಸ್ ಅಂಕಿಯನ್ನು ನಂಬುವಂತಿಲ್ಲ, ಬಿಪಿ ಅಂಕಿಯೂ ಸಲದಿಂದ ಸಲಕ್ಕೆ ಬದಲಾಗುತ್ತದೆ. ಬಲವಿಲ್ಲದ ಬಡಿತ ಪಟ್ಟಿಗೆ ತಟ್ಟುವುದೇ ಇಲ್ಲ, ಹಾಗಾಗಿ ಹೃದಯ 80 ಬಡಿಯುತ್ತಿದ್ದರೂ ಮಷೀನ್ 40 ಅನ್ನಬಹುದು. ಆ ಗುರುತು ಮತ್ತೆ ಮತ್ತೆ ಬಂದರೆ ಅಂಕಿಗಳನ್ನು ಜೋಡಿಸುತ್ತಾ ಕೂರುವುದರಲ್ಲಿ ಅರ್ಥ ಇಲ್ಲ, ಇಸಿಜಿ ಬೇಕು. ನಮ್ಮ ಆ್ಯಪ್‌ನಿಂದ ತೆಗೆದ ಫೈಲಿನಲ್ಲಿ ಈ ಗುರುತು ಬರುವುದೇ ಇಲ್ಲ. ಪರದೆಯ ಮೇಲೆ ಕಂಡಾಗಲೇ ಬರೆದಿಟ್ಟುಕೊಳ್ಳಬೇಕು.

ಮತ್ತೆ ಇದೇ ಮಷೀನ್ ಕೊಳ್ಳುತ್ತೇನಾ? ಅಳತೆಗಾಗಿ ಹೌದು. ಆದರೆ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಸಲ ಅಳೆದು, ಆ್ಯಪ್‌ನಿಂದ ಫೈಲ್ ತೆಗೆದು ತೋರಿಸಿ ಅಂತ ಕೇಳುತ್ತೇನೆ. ತಾರೀಕು, ಸಮಯ, ಮೇಲಿನದು, ಕೆಳಗಿನದು, ಪಲ್ಸ್, ಏರುಪೇರಿನ ಗುರುತು, ಇಷ್ಟೂ ಒಂದೇ ಸಾಲಿನಲ್ಲಿ ಬಂದರೆ ಬ್ಲೂಟೂತ್‌ಗೆ ಜಾಸ್ತಿ ದುಡ್ಡು ಕೊಡಬಹುದು. ಬಾರದಿದ್ದರೆ ಬ್ಲೂಟೂತ್ ಇಲ್ಲದ ಮಾದರಿ ಸಾಕು, ಜೊತೆಗೆ ಗೆರೆ ಹಾಕಿದ ಒಂದು ನೋಟ್‌ಬುಕ್.