ವಿಂಡೋಸ್‌ನ ಸ್ಟೋರೇಜ್ ಸೆನ್ಸ್: ನಾಲ್ಕು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ಸ್ಟೋರೇಜ್ ಸೆನ್ಸ್ ನನಗೆ ಇಷ್ಟ. ಆದರೆ ಅದರೊಳಗಿನ ಒಂದು ಸೆಟ್ಟಿಂಗ್ ಮಾತ್ರ ನನ್ನ ಕೈಯಿಂದಲೇ ನನಗೆ ಏಟು ಹಾಕಿಸಿತು. ಅದನ್ನು ಹೇಳೋದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇವೆ. ನನ್ನದು 512 ಜಿಬಿ, ಅಕ್ಕನದು 128 ಜಿಬಿ. ಎರಡರಲ್ಲೂ ವಿಂಡೋಸ್ 11. ಸ್ಟೋರೇಜ್ ಸೆನ್ಸ್ ಬೇರೆ ಸಾಫ್ಟ್‌ವೇರ್ ಅಲ್ಲ, ಇಳಿಸಿಕೊಳ್ಳೋದೂ ಬೇಡ, ದುಡ್ಡೂ ಬೇಡ. 2017ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು, ಈಗಲೂ ಸೆಟ್ಟಿಂಗ್ಸ್ ಒಳಗೇ ಕೂತಿದೆ. ಡಿಸ್ಕ್‌ನಲ್ಲಿ ತಾನಾಗಿ ಸೇರಿಕೊಳ್ಳುವ ತಾತ್ಕಾಲಿಕ ಫೈಲುಗಳನ್ನೂ ರಿಸೈಕಲ್ ಬಿನ್‌ನಲ್ಲಿ ಹಳೆಯದಾದ ಫೈಲುಗಳನ್ನೂ ಆಗಾಗ ತೆಗೆಯುವುದು ಇದರ ಕೆಲಸ.

ಹುಡುಕಲು ಕಷ್ಟವಾದರೆ ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ ಎಂಟರ್ ಒತ್ತಿ:

```
ms-settings:storagepolicies
```

ನೇರವಾಗಿ ಆ ಪುಟವೇ ತೆರೆಯುತ್ತದೆ. ಅಲ್ಲಿ ಮೇಲೆ ತಾತ್ಕಾಲಿಕ ಫೈಲುಗಳಿಗೆ ಒಂದು ಟಿಕ್, ಅದರ ಕೆಳಗೆ `Automatic User content cleanup` ಅನ್ನೋ ಸ್ವಿಚ್, ಅದಕ್ಕೂ ಕೆಳಗೆ ನಾಲ್ಕು ಡ್ರಾಪ್‌ಡೌನ್. ಅಷ್ಟೇ. ನೋಡಲು ಐದು ನಿಮಿಷದ ಕೆಲಸ. ಮೊದಲ ಟಿಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಹಾಕಿಡಿ. ನಾಲ್ಕು ವರ್ಷದಲ್ಲಿ ಅದರಿಂದ ನನಗೆ ಒಂದು ಸಲವೂ ತೊಂದರೆ ಆಗಿಲ್ಲ. ಯೋಚನೆ ಬೇಕಾದದ್ದು ಆ ನಾಲ್ಕು ಡ್ರಾಪ್‌ಡೌನ್‌ಗಳ ವಿಷಯದಲ್ಲಿ.

ನನಗೆ ಏಟು ಬಿದ್ದದ್ದು ಮೂರನೆಯದರಿಂದ, ಅಂದರೆ ಡೌನ್‌ಲೋಡ್ಸ್ ಫೋಲ್ಡರಿನದು. ಅದರ ಮೇಲೆ ಹೀಗೆ ಬರೆದಿರುತ್ತದೆ: `Delete files in my Downloads folder if they haven't been opened for more than`. ಇಷ್ಟು ದಿನ ತೆರೆಯದೇ ಇರುವ ಫೈಲುಗಳನ್ನು ಅಳಿಸು ಎಂದು ಅರ್ಥ. ಮೊದಲಿಂದ ಅದು `Never` ಅಂತಲೇ ಇರುತ್ತದೆ. ನಾನು ಮೊದಲ ವರ್ಷವೇ ಜಾಣತನ ತೋರಿಸಲು ಹೋಗಿ 30 ದಿನ ಎಂದು ಇಟ್ಟೆ. ಡೌನ್‌ಲೋಡ್ಸ್ ಅಂದರೆ ಕಸ ತಾನೇ, ಸಿನಿಮಾ ಟಿಕೆಟ್, ಕರೆಂಟ್ ಬಿಲ್, ಇನ್‌ಸ್ಟಾಲ್ ಮಾಡಿ ಮುಗಿದ ಫೈಲುಗಳು, ಹೋದರೆ ಹೋಗಲಿ ಅಂದುಕೊಂಡಿದ್ದೆ.

ಅಪ್ಪನ ಪೆನ್ಷನ್ ಕಾಗದಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದೆವು. ಅಂಗಡಿಯವರು ಮೇಲ್ ಮಾಡಿದ್ದರು. ನಾನು ಇಳಿಸಿಕೊಂಡೆ, ಅದು ಎಲ್ಲರದ್ದೂ ಹೋಗುವ ಹಾಗೆ ಡೌನ್‌ಲೋಡ್ಸ್‌ಗೇ ಹೋಯಿತು. ಇಳಿಸಿಕೊಂಡಾಯ್ತಲ್ಲ ಅಂತ ಮೇಲ್ ಅನ್ನೂ ಅಳಿಸಿದೆ. ಎರಡು ತಿಂಗಳ ನಂತರ ಬೇಕಾದಾಗ ನೋಡಿದರೆ ಫೋಲ್ಡರ್ ಖಾಲಿ ಖಾಲಿ. ಹೆದರದೆ ರಿಸೈಕಲ್ ಬಿನ್ ತೆರೆದೆ. ಅಲ್ಲೂ ಇಲ್ಲ!

ಹೊಸಬರು ತಿಳಿದಿರಬೇಕಾದ ವಿಷಯ ಇದೇ. ನಾವು ಕೈಯಿಂದ ಡಿಲೀಟ್ ಮಾಡಿದರೆ ಫೈಲ್ ಬಿನ್‌ಗೆ ಹೋಗಿ ಕೂರುತ್ತದೆ, ಮನಸ್ಸು ಬದಲಾದರೆ ವಾಪಸ್ ತರಬಹುದು. ಸ್ಟೋರೇಜ್ ಸೆನ್ಸ್ ಅಳಿಸಿದ್ದು ಬಿನ್‌ಗೆ ಹೋಗುವುದಿಲ್ಲ. ನೇರವಾಗಿ ಹೋಗಿಬಿಡುತ್ತದೆ. ಯಾವ ಯಾವ ಫೈಲ್ ಅಳಿಸಿದೆ ಎಂಬ ಪಟ್ಟಿಯನ್ನೂ ಅದು ಕೊಡುವುದಿಲ್ಲ. ಎಷ್ಟು ಜಾಗ ಬಿಡಿಸಿದೆ ಎಂದಷ್ಟೇ ಹೇಳುತ್ತದೆ. ಹಾಗಾಗಿ ಏನು ಹೋಯಿತು ಅನ್ನೋದು ಬೇಕಾದಾಗಲೇ ಗೊತ್ತಾಗೋದು. ನಾನು ಮತ್ತೆ ಜೆರಾಕ್ಸ್ ಅಂಗಡಿಗೆ ಹೋದೆ. ತಪ್ಪು ವಿಂಡೋಸ್‌ದಲ್ಲ, ಅದು ನಾನು ಹೇಳಿದ್ದನ್ನೇ ಮಾಡಿತ್ತು.

ತೆರೆಯದ ಫೈಲ್ ಅಂದರೆ ಬೇಡದ ಫೈಲ್ ಅನ್ನೋ ಲೆಕ್ಕವೇ ನಮ್ಮಂಥವರಿಗೆ ಹೊಂದಲ್ಲ. ಮಾರ್ಕ್ಸ್ ಕಾರ್ಡ್, ಆಧಾರ್, ಪಹಣಿ ಇವನ್ನೆಲ್ಲ ವರ್ಷಕ್ಕೊಮ್ಮೆ ತೆರೆಯುತ್ತೇವೆ. ಬೀರುವಿನಲ್ಲಿಟ್ಟ ಜಾಗದ ಪತ್ರವನ್ನು ತಿಂಗಳಿಗೊಮ್ಮೆ ತೆಗೆದು ನೋಡುತ್ತೇವಾ? ಇಲ್ಲ ಅಲ್ವಾ. ನಮ್ಮಲ್ಲಿ ತುಂಬಾ ಜನರಿಗೆ ಡೌನ್‌ಲೋಡ್ಸ್ ಫೋಲ್ಡರೇ ಬೀರು. ಅದಕ್ಕೆ ನನ್ನ ಮಾತು ನೇರ: ಇಲ್ಲಿ `Never` ಬಿಟ್ಟು ಬೇರೇನೂ ಮುಟ್ಟಬೇಡಿ.

ಇನ್ನು ಅಕ್ಕನ ಲ್ಯಾಪ್‌ಟಾಪ್ ಕಥೆ. ಅವಳು ಮನೆಪಾಠ ಹೇಳುತ್ತಾಳೆ, ಮಕ್ಕಳಿಗೆ ವಿಡಿಯೋ ಮಾಡಿ ಕಳಿಸುತ್ತಾಳೆ. ಒಂದು ದಿನ ಫೋನ್ ಮಾಡಿ, "ಸಿ ಡ್ರೈವ್ ಕೆಂಪಗಾಗಿದೆ ಕಣೋ, ಅಪ್‌ಡೇಟೂ ಆಗ್ತಿಲ್ಲ" ಅಂದಳು. ಹೋಗಿ ನೋಡಿದೆ. 128 ಜಿಬಿ ಎಂದು ಮಾರುವ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ 119ರ ಹತ್ತಿರ ಬರುತ್ತದೆ. ಅದರಲ್ಲಿ ಉಳಿದಿದ್ದು 5 ಜಿಬಿ. ಸ್ವಿಚ್ ಆಫ್ ಆಗಿತ್ತು.

ಏನನ್ನೂ ಒತ್ತುವ ಮೊದಲು ಸ್ಟೋರೇಜ್ ಪುಟದ `Temporary files` ತೆರೆದು ನೋಡಿದೆ. ಇದನ್ನು ನೀವೂ ಮಾಡಿ, ಕಸ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ತಾತ್ಕಾಲಿಕ ಫೈಲುಗಳು ಸುಮಾರು 4 ಜಿಬಿ ಇದ್ದವು. ರಿಸೈಕಲ್ ಬಿನ್‌ನಲ್ಲಿ 9 ಜಿಬಿ. ಡಿಲೀಟ್ ಮಾಡಿದ ಮೇಲೆ ವಿಡಿಯೋ ಹೋಯ್ತು ಅಂತ ಅಕ್ಕ ಅಂದುಕೊಂಡಿದ್ದಳು. ಅವು ಬಿನ್‌ನಲ್ಲೇ ಕೂತು ಜಾಗ ತಿನ್ನುತ್ತಿದ್ದವು.

ಸ್ವಿಚ್ ಆನ್ ಮಾಡಿ, ಬಿನ್‌ಗೆ 30 ದಿನ ಎಂದು ಇಟ್ಟು, ಡೌನ್‌ಲೋಡ್ಸ್ `Never` ಇದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ಕೆಳಗಿನ `Run Storage Sense now` ಒತ್ತಿದೆ. ಮೇಲಿನ ಸೆಟ್ಟಿಂಗ್‌ಗಳಲ್ಲಿ ನೀವು ಆರಿಸಿರುವುದನ್ನೆಲ್ಲ ಈ ಬಟನ್ ಆಗಲೇ ಜಾರಿ ಮಾಡುತ್ತದೆ, ಹಾಗಾಗಿ ಒತ್ತುವ ಮೊದಲು ನೋಡಿಕೊಳ್ಳುವುದು ಒಳ್ಳೆಯದು. ತಾತ್ಕಾಲಿಕ ಫೈಲುಗಳ 4 ಜಿಬಿ ಹೋಯಿತು. ಬಿನ್‌ನ 9ರಲ್ಲಿ 6 ಜಿಬಿ ಹೋಯಿತು. "ಪೂರ್ತಿ ಯಾಕೆ ಹೋಗಲಿಲ್ಲ, ಕೆಟ್ಟಿದೆಯಾ?" ಅಂತ ಅಕ್ಕ ಕೇಳಿದಳು. ಕೆಟ್ಟಿಲ್ಲ. ಉಳಿದ 3 ಜಿಬಿ ಅವಳು ಆ ತಿಂಗಳೊಳಗೇ ಅಳಿಸಿದ್ದು. 30 ದಿನ ತುಂಬದ ಫೈಲನ್ನು ಅದು ಮುಟ್ಟುವುದಿಲ್ಲ. ಒಟ್ಟು 5 ಇದ್ದದ್ದು 15 ಆಯಿತು, ಅಪ್‌ಡೇಟೂ ಆಯಿತು.

ಬಿನ್‌ಗೆ 1, 14, 30, 60 ದಿನಗಳ ಆಯ್ಕೆ ಇದೆ, `Never` ಕೂಡ ಇದೆ. ಹೊಸಬರಿಗೆ 30 ಸರಿ. ಡಿಸ್ಕ್ ದೊಡ್ಡದಿದ್ದರೆ 60 ಇಟ್ಟರೂ ನಷ್ಟವಿಲ್ಲ, ನನ್ನದರಲ್ಲಿ ಹಾಗೇ ಇದೆ. 1 ದಿನ ಅಂತ ಯಾಕೆ ಕೊಟ್ಟಿದ್ದಾರೋ ನನಗಂತೂ ಗೊತ್ತಿಲ್ಲ. ಹಾಗಿಟ್ಟರೆ ಬಿನ್ ಇದ್ದೂ ಇಲ್ಲದ ಹಾಗೆ.

ಇಲ್ಲಿ ಮೊದಲ ಡ್ರಾಪ್‌ಡೌನ್ ವಿಷಯ ಬರುತ್ತದೆ, ಯಾವಾಗ ಓಡಬೇಕು ಅನ್ನೋದು. ಮೊದಲಿಂದ ಇರುವುದು `During low free disk space`, ಅಂದರೆ ಜಾಗ ಕಮ್ಮಿಯಾದಾಗ ಮಾತ್ರ. ಸ್ವಿಚ್ ಆನ್ ಮಾಡಿದ್ದೇನೆ, ಆದರೂ ಏನೂ ಆಗ್ತಿಲ್ಲ ಅಂತ ಹಲವರು ಹೇಳುವುದು ಇದಕ್ಕೇ. ನನ್ನ 512 ಜಿಬಿಯಲ್ಲಿ ಜಾಗ ಕಮ್ಮಿ ಆಗುವುದೇ ಇಲ್ಲ, ಹಾಗಾಗಿ ಅದು ತಿಂಗಳುಗಟ್ಟಲೆ ನಿದ್ದೆ ಮಾಡುತ್ತಿತ್ತು. ಅಕ್ಕನದರಲ್ಲಿ `Every week` ಇಟ್ಟಿದ್ದೇನೆ, ನನ್ನದರಲ್ಲಿ `Every month`. ತಿಂಗಳಿಗೊಮ್ಮೆ ಇಟ್ಟರೆ ಒಂದು ಸಣ್ಣ ಲೆಕ್ಕ ನೆನಪಿರಲಿ. ಅದು ಓಡಿದ ದಿನ ನಿಮ್ಮ ಫೈಲಿಗೆ 29 ದಿನ ಆಗಿದ್ದರೆ ಅದು ಉಳಿಯುತ್ತದೆ, ಮುಂದಿನ ತಿಂಗಳ ಸರದಿ ಬರೋವರೆಗೂ ಬಿನ್‌ನಲ್ಲೇ ಇರುತ್ತದೆ. ಅಂದರೆ 30 ದಿನ ಎಂದು ಇಟ್ಟದ್ದು ಹತ್ತಿರ ಹತ್ತಿರ ಎರಡು ತಿಂಗಳೂ ಆಗಬಹುದು. ಹೊಸಬರಿಗೆ ಇದು ಒಳ್ಳೆಯದೇ. ಇನ್ನೊಂದು, ನೀವು ಲಾಗಿನ್ ಆಗಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಇಂಟರ್‌ನೆಟ್‌ನಲ್ಲಿ ಇದ್ದರೆ ಮಾತ್ರ ಅದು ಓಡುತ್ತದೆ. ತೆರೆದು ಒಂದು ಪ್ರಿಂಟ್ ತೆಗೆದು ಮುಚ್ಚುವವರ ಯಂತ್ರದಲ್ಲಿ ಅದಕ್ಕೆ ಕೆಲಸ ಮಾಡಲು ಸಮಯವೇ ಸಿಗಲ್ಲ.

ಕೊನೆಯ ಡ್ರಾಪ್‌ಡೌನ್ ಒನ್‌ಡ್ರೈವ್‌ನದು, ಅಂದರೆ ಫೈಲುಗಳನ್ನು ಆನ್‌ಲೈನ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆಯದು. ನೀವು ಒನ್‌ಡ್ರೈವ್‌ಗೆ ಲಾಗಿನ್ ಆಗಿಲ್ಲದಿದ್ದರೆ ಇದರ ಗೊಡವೆಯೇ ಬೇಡ, ಈ ಪ್ಯಾರಾ, ಇದರ ಮುಂದಿನ ಪ್ಯಾರಾ ಎರಡನ್ನೂ ಬಿಟ್ಟುಬಿಡಿ. ಇದು ಫೈಲನ್ನು ಅಳಿಸುವುದಿಲ್ಲ. ಬಹಳ ದಿನ ತೆರೆಯದ ಫೈಲನ್ನು ಲ್ಯಾಪ್‌ಟಾಪ್‌ನಿಂದ ತೆಗೆದು ಆನ್‌ಲೈನ್‌ನಲ್ಲಿ ಮಾತ್ರ ಇಡುತ್ತದೆ. ಹೆಸರು ಫೋಲ್ಡರಿನಲ್ಲಿ ಕಾಣುತ್ತಲೇ ಇರುತ್ತದೆ, ಪಕ್ಕದಲ್ಲಿ ಒಂದು ನೀಲಿ ಮೋಡದ ಗುರುತು ಬರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ನೆಟ್‌ನಿಂದ ಇಳಿದು ತೆರೆದುಕೊಳ್ಳುತ್ತದೆ.

ನೆಟ್ ಇದ್ದರೆ ಸರಿ. ನಾನು 14 ದಿನ ಇಟ್ಟಿದ್ದೆ. ಹಗಲು ರೈಲಿನಲ್ಲಿ ಮಂಗಳೂರಿಗೆ ಹೋಗುವಾಗ ಒಂದು ವರದಿ ತಿದ್ದೋಣ ಅಂತ ಲ್ಯಾಪ್‌ಟಾಪ್ ತೆರೆದೆ. ಸಕಲೇಶಪುರ ದಾಟಿತ್ತು, ಘಾಟಿಯಲ್ಲಿ ಸಿಗ್ನಲ್ ಇಲ್ಲ. ಫೈಲ್ ಕಾಣುತ್ತಿದೆ, ತೆರೆಯಲ್ಲ. ಸುಬ್ರಹ್ಮಣ್ಯ ರೋಡ್ ಬರುವವರೆಗೆ ಕಿಟಕಿಯಾಚೆ ಕಾಡು ನೋಡಿದೆ, ಅದೇನು ನಷ್ಟವಲ್ಲ ಬಿಡಿ. ಆಮೇಲೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ `Always keep on this device` ಆರಿಸಿದೆ. ಹಸಿರು ತುಂಬಿದ ವೃತ್ತದಲ್ಲಿ ಬಿಳಿ ಟಿಕ್ ಬಂದರೆ ಆ ಫೈಲನ್ನು ಸ್ಟೋರೇಜ್ ಸೆನ್ಸ್ ಮುಟ್ಟುವುದಿಲ್ಲ. ಇಷ್ಟೆಲ್ಲ ನೆನಪಿಡಲು ಬೇಜಾರು ಅನ್ನುವವರು ಇಲ್ಲೂ `Never` ಇಡಿ. ಡಿಸ್ಕ್ ನಿಜಕ್ಕೂ ಚಿಕ್ಕದು, ಮನೆಯಲ್ಲಿ ವೈಫೈ ಚೆನ್ನಾಗಿದೆ ಅನ್ನುವವರಿಗೆ 60 ದಿನ ಹೊಂದುತ್ತದೆ.

ಇದರಿಂದ ಆಗದ ಕೆಲಸವನ್ನೂ ಹೇಳಬೇಕು. ಇದು ವಿಂಡೋಸ್ ಇರುವ ಡ್ರೈವ್ ಬಿಟ್ಟು ಬೇರೆ ಕಡೆ ತಿರುಗಿಯೂ ನೋಡುವುದಿಲ್ಲ. ಡಿ ಡ್ರೈವ್ ತುಂಬಿದ್ದರೆ ನೀವೇ ಗುಡಿಸಬೇಕು. ನಿಮ್ಮ ಫೋಟೋ, ವಿಡಿಯೋ ಫೋಲ್ಡರುಗಳನ್ನೂ ಅದು ಅಳಿಸಲ್ಲ, ಅಳಿಸಲೂಬಾರದು. ಅಕ್ಕನ ಡಿಸ್ಕ್‌ನಲ್ಲಿ ನಿಜವಾದ ಭಾರ ಇದ್ದದ್ದು ಅಲ್ಲೇ, ಪಾಠದ ವಿಡಿಯೋಗಳೇ 40 ಜಿಬಿ. ಅವನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಸಾಗಿಸಿದ ಮೇಲೆಯೇ ಸಿ ಡ್ರೈವ್ ನಿಜಕ್ಕೂ ಹಗುರವಾಯಿತು. ವಾರಕ್ಕೊಮ್ಮೆ ಓಡುವ ಸ್ಟೋರೇಜ್ ಸೆನ್ಸ್ ಅದು ಬೇಗ ಮತ್ತೆ ಕೆಂಪಾಗದ ಹಾಗೆ ನೋಡಿಕೊಳ್ಳುತ್ತಿದೆ, ಅಷ್ಟು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಳಿಸಿದ್ದರ ಪಟ್ಟಿ ತೋರಿಸಿದ್ದರೆ ಐದೂ ಕೊಡುತ್ತಿದ್ದೆ. ಅಕ್ಕ ಈಗ ಡಾಕ್ಯುಮೆಂಟ್ಸ್ ಒಳಗೆ "ಬೇಕಾದ್ದು" ಅಂತ ಒಂದು ಫೋಲ್ಡರ್ ಮಾಡಿಕೊಂಡಿದ್ದಾಳೆ. ಇಳಿಸಿಕೊಂಡ ತಕ್ಷಣ ಮುಖ್ಯವಾದದ್ದನ್ನು ಅಲ್ಲಿಗೆ ಎಳೆದು ಹಾಕುತ್ತಾಳೆ. ಅಪ್ಪನ ಪೆನ್ಷನ್ ಕಾಗದದ ಎರಡನೇ ಸ್ಕ್ಯಾನ್ ಕೂಡ ಈಗ ಅವಳ ಹತ್ತಿರವೇ ಇದೆ, ನನ್ನ ಮೇಲೆ ನಂಬಿಕೆ ಇಲ್ಲವಂತೆ.