ಬಾಡಿಗೆದಾರರೇ, ಆದೇಶದಲ್ಲಿ ‘ಎಕ್ಸ್‌ಪಾರ್ಟಿ’ ಅಂತಿದ್ದರೆ ಕೇಸು ಮುಗಿದಿಲ್ಲ

ಎಕ್ಸ್‌ಪಾರ್ಟಿ ಅಂದರೆ ‘ಮಾಜಿ ಪಾರ್ಟಿ’ ಅಲ್ಲ. ದಯವಿಟ್ಟು ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ. ನಿಮ್ಮನ್ನು ಕೇಸಿನಿಂದ ಬಿಟ್ಟಿದ್ದಾರೆ ಅಂತಲ್ಲ, ನೀವಿಲ್ಲದೆಯೇ ಕೇಸು ನಡೆಸುತ್ತಾರೆ ಅಂತ. ಕನ್ನಡ ಆದೇಶಗಳಲ್ಲಿ ‘ಏಕಪಕ್ಷೀಯ’ ಅಂತ ಬರೆಯುವುದೂ ಇದನ್ನೇ.

ತಾಲ್ಲೂಕು ಕೇಂದ್ರವೊಂದರಲ್ಲಿ ತಿಂಗಳಿಗೆ 9,000 ರೂಪಾಯಿ ಬಾಡಿಗೆಯ ಮನೆ. ಖಾಲಿ ಮಾಡಿಸಲು ಮಾಲೀಕ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ. ಫೆಬ್ರವರಿಯಲ್ಲಿ ಸಮನ್ಸ್ ಬಂತು, ಬಾಡಿಗೆದಾರ ಸಹಿ ಹಾಕಿ ತಗೊಂಡರು. ಹಾಜರಾಗಬೇಕಿದ್ದದ್ದು ಮಾರ್ಚ್ 4ಕ್ಕೆ. ಮಾಲೀಕನಿಗೆ ಫೋನ್ ಮಾಡಿದರೆ ಅವನು ಹೇಳಿದ್ದು: “ಅಯ್ಯೋ, ಅದು ಬರೀ ಫಾರ್ಮಾಲಿಟಿ ಸಾರ್. ನೀವ್ಯಾಕೆ ಕೆಲಸ ಬಿಟ್ಟು ಕೋರ್ಟಿಗೆ ಅಲೀತೀರಾ? ನಾನೇ ವಾಪಸ್ ತಗೋತೀನಿ.” ಹೋಗಲಿಲ್ಲ.

ಮಾರ್ಚ್ 4ರ ಆದೇಶದ ಹಾಳೆಯಲ್ಲಿ ಮೂರೇ ಸಾಲು. ಸಮನ್ಸ್ ಜಾರಿಯಾಗಿದೆ, ಕೂಗಿಸಲಾಗಿ ಪ್ರತಿವಾದಿ ಗೈರುಹಾಜರು, ಎಕ್ಸ್‌ಪಾರ್ಟಿ ಇರಿಸಲಾಗಿದೆ. ಆ ಹಾಳೆಯ ಫೋಟೋ ಬಾಡಿಗೆದಾರರ ಕೈಗೆ ಬಂತು. ಇದೇನು ಅಂತ ಮತ್ತೆ ಮಾಲೀಕನನ್ನೇ ಕೇಳಿದರು. ಬಂದ ಉತ್ತರ: “ಎಕ್ಸ್ ಅಂದ್ರೆ ಮಾಜಿ ಅಲ್ವಾ ಸಾರ್? ನೀವೀಗ ಪಾರ್ಟಿ ಅಲ್ಲ. ಆರಾಮಾಗಿರಿ.”

ಆರಾಮಾಗಿದ್ದರು! ಮೋಸ ಹೋಗಿದ್ದು ಸರಿಯಾಗಿ ಇಲ್ಲೇ. ಯಾಕಂದರೆ ಆ ಹೊತ್ತಿಗೆ ಇನ್ನೂ ಏನೂ ಕೈಮೀರಿರಲಿಲ್ಲ. ವಿಚಾರಣೆ ಮುಗಿಸಿ ಕೇಸನ್ನು ತೀರ್ಪಿಗೆ ಇಡುವ ಮೊದಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 7ರಡಿ ಅರ್ಜಿ ಕೊಟ್ಟು, ಯಾಕೆ ಬರಲಿಲ್ಲ ಅಂತ ಕಾರಣ ಹೇಳಿ ಒಳಗೆ ಬರಬಹುದು. ಮುಂದಿನ ವಾಯಿದೆಗೇ ವಕಾಲತ್ತು ಹಾಕಿಸಿ ಈ ಅರ್ಜಿ ಕೊಟ್ಟರೆ ಸಣ್ಣ ಖರ್ಚು ಕಟ್ಟಿಸಿ ಒಪ್ಪುವುದೂ ಉಂಟು. ಅದನ್ನು ಮಾಡಬೇಕಿತ್ತು. ಅದೊಂದನ್ನು ಮಾಡಬೇಕಿತ್ತು.

ಆಮೇಲೆ ಮಾಲೀಕನ ಸಾಕ್ಷ್ಯದ ಪ್ರಮಾಣಪತ್ರ ಬಂತು. ಐದು ತಿಂಗಳ ಬಾಡಿಗೆ ಬಾಕಿ, ಒಟ್ಟು 45,000. ವಾಸ್ತವದಲ್ಲಿ ಆ ದುಡ್ಡನ್ನು ನಗದಾಗಿ ಕೊಟ್ಟಾಗಿತ್ತು, ರಸೀದಿ ಇರಲಿಲ್ಲ. ಎಕ್ಸ್‌ಪಾರ್ಟಿ ಆದ ಮಾತ್ರಕ್ಕೆ ವಾದಿ ಗೆದ್ದ ಹಾಗಲ್ಲ, ಅವನು ತನ್ನ ಕೇಸನ್ನು ರುಜುವಾತು ಮಾಡಲೇಬೇಕು. ಆದರೆ ಪಾಟೀಸವಾಲು ಹಾಕೋರೇ ಇಲ್ಲದಿದ್ದರೆ, ಕೊಟ್ಟ ದುಡ್ಡನ್ನು ಕೊಟ್ಟಿಲ್ಲ ಅಂದರೂ ಕೇಳೋರ್ಯಾರು? ಜೂನ್ 18ಕ್ಕೆ ಡಿಕ್ರಿ ಆಯಿತು. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು, 45,000 ಕಟ್ಟಬೇಕು.

ಗೊತ್ತಾಗಿದ್ದು ಆಗಸ್ಟ್‌ನಲ್ಲಿ. ಆಗ ಮಾಲೀಕನ ಮಾತು ನೋಡಿ: “ಕೋರ್ಟು ಹೇಳಿದ್ದು ಸಾರ್, ನಾನೇನ್ ಮಾಡ್ಲಿ? ನೀವು ಬರಬೇಕಿತ್ತು.”

ಬರಬೇಡಿ ಅಂದವನೇ ಇವನು!

ಡಿಕ್ರಿ ಆದಮೇಲೆ ದಾರಿ ಆದೇಶ 9, ನಿಯಮ 13. ಎಕ್ಸ್‌ಪಾರ್ಟಿ ಡಿಕ್ರಿ ರದ್ದಾಗಲು ಕಾರಣ ಎರಡೇ: ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ, ಇಲ್ಲವೇ ಬರಲಾಗದಂಥ ಸಕಾರಣ ಇತ್ತು. ಅವಧಿ ಡಿಕ್ರಿಯ ತಾರೀಖಿನಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಮಾತ್ರ ಡಿಕ್ರಿ ಗೊತ್ತಾದ ದಿನದಿಂದ ಎಣಿಕೆ. ಇವರು ಸಹಿ ಹಾಕಿ ತಗೊಂಡಿದ್ದಾರಲ್ಲ, ಆದ್ದರಿಂದ ಜುಲೈ 18ಕ್ಕೇ ಗಡುವು ಮುಗಿದಿತ್ತು. ಜೊತೆಗೆ ವಿಳಂಬ ಮನ್ನಿಸಿ ಅಂತ ಮಿತಿ ಕಾಯ್ದೆಯ ಕಲಂ 5ರಡಿ ಇನ್ನೊಂದು ಅರ್ಜಿ, ತಡವಾದದ್ದಕ್ಕೆ ವಿವರಣೆ ಬೇಕಾಯಿತು. ‘ಕಾನೂನು ಗೊತ್ತಿರಲಿಲ್ಲ’ ಅನ್ನುವ ಒಂದೇ ಮಾತು ಅಲ್ಲಿ ನಡೆಯೋದು ಕಷ್ಟ. ‘ವಾಪಸ್ ತಗೋತೀನಿ’ ಅಂತ ಮಾಲೀಕ ವಾಟ್ಸಾಪಿನಲ್ಲಿ ಬರೆದಿದ್ದರೆ ಅದು ಚಿನ್ನ. ಇವನು ಎಲ್ಲವನ್ನೂ ಫೋನಿನಲ್ಲೇ ಹೇಳಿದ್ದ, ಜಾಣ.

ಇನ್ನೊಂದು. ಅರ್ಜಿ ಹಾಕಿದ ಮಾತ್ರಕ್ಕೆ ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿಗೆ ತರುವ ಕೆಲಸ, ನಿಲ್ಲಲ್ಲ. ತಡೆ ಬೇಕು ಅಂತ ಪ್ರತ್ಯೇಕವಾಗಿ ಕೇಳಿ, ಆದೇಶ ಪಡೆಯಬೇಕು. ಡಿಕ್ರಿಯಾಗಿ 2 ವರ್ಷದೊಳಗೆ ಅಮಲ್ಜಾರಿ ಅರ್ಜಿ ಬಂದರೆ ನಿಮಗೆ ಮತ್ತೆ ನೋಟಿಸ್ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಕೋರ್ಟಿನ ಅಮೀನ ಬಾಗಿಲಿಗೆ ಬಂದಾಗಲೇ ವಿಷಯ ತಿಳಿಯಬಹುದು.

ಸಮನ್ಸ್ ಬೇಡ ಅಂತ ವಾಪಸ್ ಕಳಿಸುವ ಜಾಣರೂ ಇದ್ದಾರೆ. ಬೇಡ ಅಂದರೆ ಬಾಗಿಲಿಗೆ ಅಂಟಿಸಿ ವರದಿ ಕೊಡುತ್ತಾರೆ. ಅದನ್ನು ಕೋರ್ಟು ಒಪ್ಪಿತೆಂದರೆ ಜಾರಿಯಾದಂತೆಯೇ, ಎಕ್ಸ್‌ಪಾರ್ಟಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ನಿಮ್ಮ ಕೈಗೆ ಬಂದ ಆದೇಶದಲ್ಲಿ ‘ಎಕ್ಸ್‌ಪಾರ್ಟಿ ಮಧ್ಯಂತರ ತಡೆಯಾಜ್ಞೆ’ ಅಂತಿದ್ದರೆ ಅದು ಬೇರೆ. ಅಲ್ಲಿ ನಿಮ್ಮ ಮಾತು ಕೇಳುವ ಮೊದಲೇ ತಾತ್ಕಾಲಿಕವಾಗಿ ಕೊಟ್ಟಿದ್ದಾರೆ ಅಷ್ಟೇ. ತಕ್ಷಣ ಹಾಜರಾಗಿ ಆಕ್ಷೇಪಣೆ ಹಾಕಿ, ತೆರವು ಕೇಳಬಹುದು.

ಹಾಳೆ ಬಂದ ದಿನವೇ ಕೇಸ್ ನಂಬರ್ ಅಥವಾ ಪ್ರತಿ ಕೇಸಿಗೂ ಬೇರೆಬೇರೆಯಾಗಿ ಕೊಡುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿ services.ecourts.gov.in ನಲ್ಲಿ ಮುಂದಿನ ವಾಯಿದೆ ನೋಡಿ. ಕೇಸು ‘ವಿಲೇವಾರಿ’ ಅಂತ ತೋರಿಸಿದರೆ ಅದೇ ದಿನ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಅರ್ಥ ಗೊತ್ತಾಗದಿದ್ದರೆ ವಕೀಲರನ್ನು ಕೇಳಿ. ನಿಮ್ಮ ಮೇಲೆ ಕೇಸ್ ಹಾಕಿದವನನ್ನು ಕೇಳಬೇಡಿ ಮಾರಾಯ್ರೇ.